ಸಂದು ಎಷ್ಟು, ಕಂಬಿ ಎಷ್ಟು?

ಮಳೆ ಹಿಡಿದ ಭಾನುವಾರಗಳಲ್ಲಿ ಹಾಸನದ ಕಡೆಯಿಂದ ಶೆಟ್ಟಿಹಳ್ಳಿಗೆ ಕಾರುಗಳ ಸಾಲು. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಹಳೆಯ ಚರ್ಚ್ ನೋಡಲು ಬಂದವರು. ಉಳಿದ ದಿನ ಇದೇ ದಾರಿಗಳಲ್ಲಿ ಹಾಲಿನ ಕ್ಯಾನ್ ಹೊತ್ತ ಗೂಡ್ಸ್ ಆಟೊ, ಆಲೂಗೆಡ್ಡೆ ಮೂಟೆಯ ಟ್ರ್ಯಾಕ್ಟರ್, ಜಲ್ಲಿ ತುಂಬಿದ ಟಿಪ್ಪರ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆಗೆ ಹೊರಟರೂ ನಡುವೆ ಎಲ್ಲೋ ಒಂದು ಕಡೆ ಡಾಂಬರು ಮುಗಿದು ಸಿಸಿ ರಸ್ತೆ ಶುರುವಾಗುತ್ತದೆ. ಅದನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಟೈರಿನಡಿಯಲ್ಲಿ ಟಪ್, ಟಪ್, ಟಪ್. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಸಲ.

ಆ ಪ್ರತಿ ಸದ್ದೂ ಒಂದು ಸಂದು. ಜನ ಅದನ್ನು ಜಾಯಿಂಟ್ ಅನ್ನುತ್ತಾರೆ. ರಸ್ತೆಯನ್ನು ಅಷ್ಟು ಗಟ್ಟಿಯಾಗಿ ಹಾಕಿ ಮತ್ತೆ ಯಾಕೆ ಗರಗಸ ಹಿಡಿದು ಅಡ್ಡಡ್ಡ ಕೊಯ್ಯುತ್ತಾರೆ ಎಂಬುದು ಬಹಳ ಊರುಗಳಲ್ಲಿ ಕೇಳಿಬರುವ ಪ್ರಶ್ನೆ. ಎಸ್ಟಿಮೇಟ್ ಕೈಗೆ ಸಿಕ್ಕವರಿಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಅದರಲ್ಲಿ ‘ಡೋವೆಲ್ ಬಾರ್’ ಎಂದು ಕೆಲವು ಟನ್ ಕಬ್ಬಿಣ ಬರೆದಿರುತ್ತಾರೆ, ರಸ್ತೆ ಮುಗಿದ ಮೇಲೆ ನೋಡಿದರೆ ಒಂದು ತುಂಡು ಕಂಬಿಯೂ ಕಾಣುವುದಿಲ್ಲ. ಅದು ಒಳಗಿದೆಯೇ? ಇದ್ದರೆ ಎಷ್ಟಿರಬೇಕು? ಇರಲೇಬೇಕೇ?

ಈ ಪ್ರಶ್ನೆಗಳಿಗೆ ಉತ್ತರ ಕಷ್ಟದ್ದೇನಲ್ಲ. ಸಂತೆ ಲೆಕ್ಕ ಬಲ್ಲವರು ಮಾಡಬಹುದಾದ ಗುಣಾಕಾರ ಸಾಕು. ಆದರೆ ಗುಣಾಕಾರಕ್ಕೆ ಮೊದಲು ಕಾಂಕ್ರೀಟಿನ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಬಿರುಕನ್ನು ನಾವೇ ಆರಿಸುವುದು

ಕಾಂಕ್ರೀಟು ಕುಗ್ಗುತ್ತದೆ. ಹಾಕಿದ ದಿನದಿಂದ ನೀರು ಆರುತ್ತಾ ಕುಗ್ಗುತ್ತದೆ. ಆಮೇಲೆ ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಆಯುಷ್ಯವಿಡೀ ಇದೇ ಆಟ. ಒಂದು ಡಿಗ್ರಿ ಉಷ್ಣತೆ ಇಳಿದರೆ ಒಂದು ಮೀಟರ್ ಕಾಂಕ್ರೀಟು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಗಿಡ್ಡವಾಗುತ್ತದೆ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಏಪ್ರಿಲ್ ಮಧ್ಯಾಹ್ನ ಹಾಕಿದ ರಸ್ತೆ ಡಿಸೆಂಬರಿನ ಬೆಳಗಿನ ಜಾವಕ್ಕೆ ಇಪ್ಪತ್ತು ಡಿಗ್ರಿ ತಣ್ಣಗಾಯಿತು ಎಂದುಕೊಳ್ಳಿ. ಒಂದು ಕಿಲೋಮೀಟರ್ ಉದ್ದದಲ್ಲಿ ಒಟ್ಟು 200 ಮಿಲಿಮೀಟರ್ ಕೊರತೆ ಬೀಳುತ್ತದೆ. ಅಂದರೆ ಒಂದು ಗೇಣು. ಕೆಳಗಿನ ನೆಲದ ತಿಕ್ಕಾಟ ಇದನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ತಡೆಯಲಾರದು. ತಡೆದಷ್ಟೂ ಚಪ್ಪಡಿಯೊಳಗೆ ಎಳೆತ ಹುಟ್ಟುತ್ತದೆ, ಎಳೆತ ತಾಳುವುದರಲ್ಲಿ ಕಾಂಕ್ರೀಟು ಬಹಳ ಬಡವ.

ಹಾಗೆ ಬಿಟ್ಟರೆ ರಸ್ತೆ ತನಗೆ ಬೇಕಾದ ಕಡೆ ಸೀಳುತ್ತದೆ, ಓರೆಕೋರೆಯಾಗಿ. ಅದರ ಬದಲು ನಾವೇ ಜಾಗ ಗೊತ್ತುಮಾಡಿ, ಚಪ್ಪಡಿಯ ದಪ್ಪದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಟರ್‌ನಿಂದ ಗೀರು ಹಾಕುತ್ತೇವೆ. ಅಲ್ಲಿ ಚಪ್ಪಡಿ ದುರ್ಬಲವಾಗುತ್ತದೆ, ಬಿರುಕು ಆ ಗೀರಿನ ತಳದಿಂದ ಕೆಳಕ್ಕೆ ಇಳಿಯುತ್ತದೆ. ಮೇಲೆ ನೇರ ಗೆರೆ, ಕೆಳಗೆ ಅಂಕುಡೊಂಕು ಬಿರುಕು. ಗ್ರಾಮೀಣ ರಸ್ತೆಯ ಸಂದು ಎಂದರೆ ಇಷ್ಟೇ.

ಮೇಲಿನ 200 ಮಿಲಿಮೀಟರನ್ನು ಎಷ್ಟು ಸಂದುಗಳಿಗೆ ಹಂಚುತ್ತೇವೆ ಎಂಬುದರ ಮೇಲೆ ಒಂದೊಂದು ಸಂದೂ ಎಷ್ಟು ಬಾಯಿ ತೆರೆಯುತ್ತದೆ ಎಂಬುದು ನಿಂತಿದೆ. ನಾಲ್ಕು ಮೀಟರಿಗೊಂದು ಸಂದು ಎಂದರೆ ಕಿಲೋಮೀಟರಿಗೆ 250, ತಲಾ 0.8 ಮಿಲಿಮೀಟರ್. ಎರಡೂವರೆ ಮೀಟರಿಗೊಂದು ಎಂದರೆ 400. ತಲಾ ಅರ್ಧ ಮಿಲಿಮೀಟರ್. ಈ ಎರಡು ಅಂಕಿಗಳ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಆದರೂ ಟನ್‌ಗಟ್ಟಲೆ ಕಬ್ಬಿಣ ಬೇಕೋ ಬೇಡವೋ ಎಂಬ ಚರ್ಚೆ ನಡೆಯುವುದು ಇಲ್ಲಿಯೇ.

ಚಕ್ರ ಸಂದು ದಾಟುವಾಗ

ತುಂಬಿದ ಟಿಪ್ಪರಿನ ಹಿಂದಿನ ಚಕ್ರ ಒಂದು ಚಪ್ಪಡಿಯ ಅಂಚಿಗೆ ಬಂದಾಗ ಆ ಅಂಚು ಕೂದಲೆಳೆಯಷ್ಟು ಕೆಳಕ್ಕೆ ಬಾಗುತ್ತದೆ. ಪಕ್ಕದ ಚಪ್ಪಡಿಯೂ ಜತೆಗೆ ಬಾಗಿ ಭಾರ ಹಂಚಿಕೊಂಡರೆ ತೊಂದರೆಯಿಲ್ಲ. ಹಂಚಿಕೊಳ್ಳದಿದ್ದರೆ ಇಡೀ ಭಾರ ಒಂದೇ ಅಂಚಿನ ಮೇಲೆ. ಮರುಕ್ಷಣ ಚಕ್ರ ಜಿಗಿದು ಇನ್ನೊಂದು ಅಂಚನ್ನು ಕುಟ್ಟುತ್ತದೆ. ಕೆಳಗೆ ನೀರು ಸೇರಿದ್ದರೆ ಈ ಕುಟ್ಟುವಿಕೆಗೆ ಅದು ಕೆಸರಾಗಿ ಸಂದಿನಿಂದ ಚಿಮ್ಮುತ್ತದೆ. ಪ್ರತಿ ಚಿಮ್ಮಿಗೂ ಚಪ್ಪಡಿಯ ಅಡಿಯ ಮಣ್ಣು ಒಂದಿಷ್ಟು ಹೊರಗೆ. ಕೆಲವು ಮಳೆಗಾಲಗಳ ನಂತರ ಅಡಿಯಲ್ಲಿ ಟೊಳ್ಳು, ಮೇಲೆ ಮೂಲೆ ಮುರಿದ ಚಪ್ಪಡಿ. ಹೇಮಾವತಿ ನಾಲೆಯ ಪಕ್ಕ, ಗದ್ದೆ ಬಯಲಿನ ನಡುವೆ ಹೋಗುವ ರಸ್ತೆಗಳಲ್ಲಿ ನೆಲ ವರ್ಷದ ಬಹುಪಾಲು ತೇವವಾಗಿಯೇ ಇರುವುದರಿಂದ ಅಲ್ಲಿ ಈ ರೋಗ ಬೇಗ ಹತ್ತುತ್ತದೆ.

ಭಾರ ಹಂಚಿಕೊಳ್ಳಲು ಎರಡು ದಾರಿ. ಒಂದು, ಬಿರುಕಿನ ಒರಟು ಮುಖಗಳೇ. ಗೀರಿನ ಕೆಳಗೆ ತಾನಾಗಿ ಇಳಿದ ಬಿರುಕಿನಲ್ಲಿ ಒಂದು ಕಡೆಯ ಜಲ್ಲಿ ಇನ್ನೊಂದು ಕಡೆಯ ಗುಳಿಯಲ್ಲಿ ಕೂತಿರುತ್ತದೆ, ಎರಡು ಕೈಯ ಬೆರಳು ಹೆಣೆದ ಹಾಗೆ. ಬಿರುಕು ಸುಮಾರು ಒಂದು ಮಿಲಿಮೀಟರಿನೊಳಗಿರುವ ತನಕ ಈ ಹಿಡಿತ ಕೆಲಸ ಮಾಡುತ್ತದೆ, ಅಗಲವಾದರೆ ಸಡಿಲ. ಇನ್ನೊಂದು ದಾರಿ, ಸಂದಿನ ಆಚೀಚೆ ಚಾಚಿಕೊಂಡಂತೆ ಚಪ್ಪಡಿಯ ದಪ್ಪದ ನಡುಮಧ್ಯದಲ್ಲಿ ಕಬ್ಬಿಣದ ತುಂಡುಗಳನ್ನು ಮಲಗಿಸುವುದು. ಅದೇ ಡೋವೆಲ್.

ಡೋವೆಲ್ ಕಂಬಿಯನ್ನು ಮನೆ ತಾರಸಿಯ ಕಂಬಿಯಂತೆ ಭಾವಿಸಿದರೆ ಎಡವಟ್ಟಾಗುತ್ತದೆ. ತಾರಸಿಯ ಕಂಬಿ ಕಾಂಕ್ರೀಟನ್ನು ಬಿಗಿಯಾಗಿ ಕಚ್ಚಿಕೊಳ್ಳಬೇಕು, ಅದಕ್ಕೇ ಅದರ ಮೈಮೇಲೆ ಗೆರೆಗಳು. ಡೋವೆಲ್ ಕಚ್ಚಿಕೊಳ್ಳಬಾರದು. ಚಪ್ಪಡಿ ಕುಗ್ಗುವಾಗ ಒಂದು ತುದಿ ಜಾರಿಕೊಂಡು ಹೋಗಬೇಕು, ಭಾರ ಬಂದಾಗ ಮಾತ್ರ ಮೇಲೆ ಕೆಳಗೆ ಅಲುಗದಂತೆ ಹಿಡಿಯಬೇಕು. ಹಾಗಾಗಿ ನುಣುಪಾದ ದುಂಡು ಕಂಬಿ, ಅರ್ಧಕ್ಕಿಂತ ತುಸು ಹೆಚ್ಚು ಉದ್ದಕ್ಕೆ ಪ್ಲಾಸ್ಟಿಕ್ ಕೊಳವೆ. ತುದಿಯಲ್ಲಿ ಕತ್ತರಿಸಿದ ಮುಳ್ಳು ಎದ್ದಿದ್ದರೆ ಅದನ್ನೂ ಉಜ್ಜಿ ತೆಗೆಯಬೇಕು. ಎಲ್ಲ ಕಂಬಿಗಳೂ ರಸ್ತೆಯ ಉದ್ದಕ್ಕೆ ಮತ್ತು ರಸ್ತೆಯ ಮೇಲ್ಮೈಗೆ ಸಮಾನಾಂತರವಾಗಿರಬೇಕು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಓರೆಯಾದರೆ ಜಾರುವ ಮಾತೇ ಇಲ್ಲ. ಸಂದು ಬೀಗ ಹಾಕಿಕೊಳ್ಳುತ್ತದೆ.

ಒಂದು ಕಿಲೋಮೀಟರಿನ ಲೆಕ್ಕ

ಶೆಟ್ಟಿಹಳ್ಳಿಯಂಥ ಒಂದು ಊರಿಗೆ ಒಂದು ಕಿಲೋಮೀಟರ್ ಸಿಸಿ ರಸ್ತೆ ಎಂದು ಇಟ್ಟುಕೊಂಡು ಲೆಕ್ಕ ಮಾಡೋಣ. ಅಗಲ 3.75 ಮೀಟರ್, ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂಟಿ ಪಥದ ಅಳತೆ. ದಪ್ಪ 200 ಮಿಲಿಮೀಟರ್. ಸಂದು ನಾಲ್ಕು ಮೀಟರಿಗೊಂದು. ಈ ದಪ್ಪಕ್ಕೆ ಡೋವೆಲ್ ಹಾಕುವುದಾದರೆ 25 ಮಿಲಿಮೀಟರ್ ವ್ಯಾಸ, 360 ಮಿಲಿಮೀಟರ್ ಉದ್ದದ ಕಂಬಿಯನ್ನು 300 ಮಿಲಿಮೀಟರಿಗೆ ಒಂದರಂತೆ ಇಡುವುದು ರೂಢಿ.

ಮೊದಲು ಸಂದು. ಸಾವಿರವನ್ನು ನಾಲ್ಕರಿಂದ ಭಾಗಿಸಿದರೆ 250 ಚಪ್ಪಡಿ. ಅವುಗಳ ನಡುವಿನ ಸಂದು ಮಾತ್ರ ಎಣಿಸಿದರೆ 249, ಎರಡೂ ತುದಿ ಸೇರಿಸಿದರೆ 251. ತುದಿಗಳಲ್ಲಿ ರಸ್ತೆ ಡಾಂಬರಿಗೆ ಸೇರುವುದಾದರೆ ಅಲ್ಲಿ ಡೋವೆಲ್‌ಗೆ ಕೆಲಸವಿಲ್ಲ. ಎಸ್ಟಿಮೇಟಿನಲ್ಲಿ 250 ಎಂದು ದುಂಡಾಗಿ ಬರೆಯುವುದರಿಂದ ಯಾರಿಗೂ ದೊಡ್ಡ ಲಾಭ ನಷ್ಟವಿಲ್ಲ, ಒಂದು ಸಂದಿನ ಕಬ್ಬಿಣ ಹದಿನೇಳು ಕೆ.ಜಿ. ದಾಟುವುದಿಲ್ಲ.

ಒಂದು ಸಂದಿಗೆ ಎಷ್ಟು ಕಂಬಿ? 3,750 ಮಿಲಿಮೀಟರ್ ಅಗಲದಲ್ಲಿ ಎರಡೂ ಅಂಚಿಗೆ 225 ಬಿಟ್ಟರೆ ಉಳಿಯುವುದು 3,300. ಅದರಲ್ಲಿ 300ರ ಹನ್ನೊಂದು ಅಂತರ, ಹಾಗಾಗಿ ಹನ್ನೆರಡು ಕಂಬಿ. 250 ಸಂದಿಗೆ ಸರಿಯಾಗಿ 3,000 ತುಂಡು.

ಒಂದು ತುಂಡಿನ ತೂಕಕ್ಕೆ ಕಂಬಿ ಕಟ್ಟುವವರು ಬಾಯಲ್ಲೇ ಇಟ್ಟುಕೊಂಡಿರುವ ಸೂತ್ರವಿದೆ: ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆ.ಜಿ. ಎಂದು ಬರುತ್ತದೆ. 25ಕ್ಕೆ ಅದು 3.86. ನಮ್ಮ ತುಂಡು 0.36 ಮೀಟರ್, ಆದ್ದರಿಂದ 1.39 ಕೆ.ಜಿ. ಸಂದಿಗೆ ಹನ್ನೆರಡರಂತೆ 16.7 ಕೆ.ಜಿ. ಕಿಲೋಮೀಟರಿಗೆ 4,167 ಕೆ.ಜಿ., ಅಂದರೆ ನಾಲ್ಕು ಟನ್ನಿಗೆ ಸ್ವಲ್ಪ ಮೇಲೆ.

ಇಷ್ಟು ಕಂಬಿ ಅಂಗಡಿಯಿಂದ ಬರುವುದು ಉದ್ದನೆಯ ಸರಳುಗಳಾಗಿ. ಹನ್ನೆರಡು ಮೀಟರಿನ ಒಂದು ಸರಳಿನಿಂದ 33 ತುಂಡು ಸಿಗುತ್ತವೆ, ಹನ್ನೆರಡು ಸೆಂಟಿಮೀಟರ್ ಚೂರು ಉಳಿಯುತ್ತದೆ. 3,000 ತುಂಡಿಗೆ 91 ಸರಳು. ಅವುಗಳ ತೂಕ ಸುಮಾರು 4,213 ಕೆ.ಜಿ. ಚೂರುಪಾರು ಸೇರಿ ವ್ಯರ್ಥವಾಗುವುದು ಶೇಕಡಾ ಒಂದಕ್ಕಿಂತ ಅಷ್ಟೇನೂ ಹೆಚ್ಚಲ್ಲ. ವೇಸ್ಟೇಜ್ ಎಂದು ಶೇಕಡಾ ಐದು ಬರೆದಿದ್ದರೆ ಈ ಅಳತೆಯಲ್ಲಿ ಅದಕ್ಕೆ ಕಾರಣ ಕೇಳಬಹುದು. ಕಂಬಿಗಳನ್ನು ಮಟ್ಟವಾಗಿ ಎತ್ತಿ ಹಿಡಿಯುವ ಸಣ್ಣ ಕಂಬಿಯ ಕುರ್ಚಿಗಳ ತೂಕ ಇದರಲ್ಲಿ ಸೇರಿಲ್ಲ, ಅದು ಬೇರೆ.

ಕೆ.ಜಿ.ಗೆ 70 ರೂಪಾಯಿ ಎಂದು ಇಟ್ಟುಕೊಂಡರೆ ಕಂಬಿಗೆ ಮಾತ್ರ ಮೂರು ಲಕ್ಷಕ್ಕೆ ಹತ್ತಿರ. ರಸ್ತೆಯಲ್ಲಿ ಹೋಗುವ ಕಾಂಕ್ರೀಟು 750 ಘನ ಮೀಟರ್, ಸುಮಾರು 1,800 ಟನ್ ಭಾರ. ಅದರ ಮುಂದೆ ನಾಲ್ಕು ಟನ್ ಕಬ್ಬಿಣ ಲೆಕ್ಕಕ್ಕೇ ಇಲ್ಲ. ಆದರೆ ಅಷ್ಟೂ ಕಬ್ಬಿಣ ರಸ್ತೆಯ ಅತಿ ದುರ್ಬಲ ಜಾಗದಲ್ಲಿ ಕೂತಿರುತ್ತದೆ.

ಅಂಕಿಯನ್ನು ಸ್ವಲ್ಪ ಅಲುಗಿಸಿ ನೋಡಿ. ಸಂದನ್ನು ಎರಡೂವರೆ ಮೀಟರಿಗೆ ತಂದು ಎಲ್ಲಕ್ಕೂ ಡೋವೆಲ್ ಹಾಕಿದರೆ 400 ಸಂದು, ಆರೂಮುಕ್ಕಾಲು ಟನ್ನಿಗೆ ಹತ್ತಿರ. ಸಂದು ನಾಲ್ಕು ಮೀಟರಿನಲ್ಲೇ ಇದ್ದು ಚಪ್ಪಡಿ 250 ಮಿಲಿಮೀಟರ್ ಆದರೆ ಕಂಬಿ 32 ಮಿಲಿಮೀಟರ್ ದಪ್ಪ, 450 ಉದ್ದವಾಗುತ್ತದೆ, ಒಂದೊಂದೂ 2.84 ಕೆ.ಜಿ., ಕಿಲೋಮೀಟರಿಗೆ ಎಂಟೂವರೆ ಟನ್. ಚಪ್ಪಡಿ ಎರಡು ಇಂಚು ಹೆಚ್ಚು ದಪ್ಪವಾದರೆ ಕಬ್ಬಿಣ ಎರಡರಷ್ಟು. ಇದೇ ಜಿಲ್ಲೆಯ ಸಕಲೇಶಪುರದಾಚೆ ಶಿರಾಡಿ ಘಾಟಿಯಲ್ಲಿ 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ವಾಹನ ನಿಲ್ಲಿಸಿ ಹೆದ್ದಾರಿಗೆ ಕಾಂಕ್ರೀಟು ಹಾಕಿದ್ದು ಜನಕ್ಕೆ ನೆನಪಿದೆ. ಹಗಲಿರುಳು ಭಾರಿ ಲಾರಿ, ಟ್ಯಾಂಕರ್ ಹತ್ತುವ ಅಂಥ ರಸ್ತೆಗೆ ಡೋವೆಲ್ ಬೇಕೋ ಬೇಡವೋ ಎಂಬ ಪ್ರಶ್ನೆ ಏಳುವುದಿಲ್ಲ. ಊರಿನ ರಸ್ತೆಯ ವಿಷಯ ಬೇರೆ.

ಕಂಬಿಯೇ ಬೇಡದ ರಸ್ತೆ

ರಸ್ತೆಗಳ ನಿಯಮಾವಳಿ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕಡಿಮೆ ಸಂಚಾರದ ರಸ್ತೆಗಳ ಕಾಂಕ್ರೀಟಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಇಟ್ಟಿದೆ. ಎಸ್‌ಪಿ 62 ಎಂದು ಅದರ ಹೆಸರು. 2004ರಲ್ಲಿ ಬಂತು, 2014ರಲ್ಲಿ ಪರಿಷ್ಕರಣೆಯಾಯಿತು. ದಿನಕ್ಕೆ 450ರವರೆಗೆ ವಾಣಿಜ್ಯ ವಾಹನ ಓಡಾಡುವ ರಸ್ತೆಗಳು ಅದರ ವ್ಯಾಪ್ತಿ. ಅದರ ತರ್ಕ ಇಷ್ಟು: ಸಂದುಗಳನ್ನು ಎರಡೂವರೆಯಿಂದ ನಾಲ್ಕು ಮೀಟರಿನೊಳಗೆ ಇಟ್ಟರೆ ಬಿರುಕು ಅಗಲವಾಗುವುದಿಲ್ಲ, ಜಲ್ಲಿಯ ಹಿಡಿತವೇ ಭಾರ ದಾಟಿಸುತ್ತದೆ, ಮಾಮೂಲಿ ಸಂದುಗಳಿಗೆ ಡೋವೆಲ್ ಬೇಕಿಲ್ಲ. ಚಪ್ಪಡಿ ತೆಳುವಾದಷ್ಟೂ ಡೋವೆಲ್ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ ಎಂಬುದೂ ಇದೆ. ಆರು ಇಂಚು ಚಪ್ಪಡಿಯಲ್ಲಿ ಒಂದು ಇಂಚು ಕಂಬಿ ಇಟ್ಟು, ಮೇಲಿಂದ ಎರಡು ಇಂಚು ಕೊಯ್ದರೆ, ಕಂಬಿಯ ನೆತ್ತಿಯ ಮೇಲೆ ಉಳಿಯುವ ಕಾಂಕ್ರೀಟು ಅರ್ಧ ಇಂಚು.

ಅಂದರೆ ಸಂದಿನ ಸಂಖ್ಯೆ ಹೆಚ್ಚಿಸಿ ಕಬ್ಬಿಣ ಉಳಿಸುತ್ತೇವೆ. ಹೆಚ್ಚು ಸಂದು, ಹೆಚ್ಚು ಡೋವೆಲ್ ಎಂದು ಎರಡನ್ನೂ ಒಟ್ಟಿಗೆ ಏರಿಸಿದ ಎಸ್ಟಿಮೇಟ್ ಕಂಡರೆ ನನಗೆ ಅನುಮಾನ ಬರುತ್ತದೆ. ಲೆಕ್ಕ ಮಾಡಿದವರು ಒಂದು ಅಂಕಿಯನ್ನು ಗ್ರಾಮೀಣ ರಸ್ತೆಯ ಪುಸ್ತಕದಿಂದಲೂ ಇನ್ನೊಂದನ್ನು ಹೆದ್ದಾರಿಯ ಪುಸ್ತಕದಿಂದಲೂ ಎತ್ತಿರಬಹುದು.

ಆದರೆ ಈ ವಿನಾಯಿತಿಗೆ ಒಂದು ಷರತ್ತಿದೆ, ಹಳ್ಳಿಗಳಲ್ಲಿ ಅದು ಮರೆತುಹೋಗುತ್ತದೆ. ಜಲ್ಲಿಯ ಹಿಡಿತ ಹುಟ್ಟುವುದು ಒಟ್ಟಿಗೆ ಹಾಕಿದ ಕಾಂಕ್ರೀಟು ತಾನಾಗಿ ಬಿರುಕು ಬಿಟ್ಟಾಗ ಮಾತ್ರ. ಬಹಳ ಊರುಗಳಲ್ಲಿ ರಸ್ತೆಯನ್ನು ಒಂದು ಬಿಟ್ಟು ಒಂದು ಅಂಕಣದಂತೆ ಹಾಕುತ್ತಾರೆ. ನಾಲ್ಕು ಕಡೆ ಹಲಗೆ ಅಥವಾ ಕಬ್ಬಿಣದ ಚಾನಲ್ ಕಟ್ಟಿ ಇವತ್ತು ಒಂದು, ಮೂರು, ಐದನೇ ಚಪ್ಪಡಿ. ಅವು ಗಟ್ಟಿಯಾದ ಮೇಲೆ ನಡುವಿನ ಎರಡು, ನಾಲ್ಕು, ಆರು. ಕಟರ್ ತರಿಸುವ ಖರ್ಚು ಉಳಿಯಿತು, ಕೆಲಸವೂ ಸಣ್ಣ ಮಿಕ್ಸರಿಗೆ ಹೊಂದುತ್ತದೆ. ಆದರೆ ಹಲಗೆಗೆ ತಾಗಿದ ಮುಖ ಗೋಡೆಯಂತೆ ನುಣುಪು. ಪಕ್ಕದ ಚಪ್ಪಡಿ ಅದಕ್ಕೆ ಒರಗಿ ಕೂರುತ್ತದೆಯೇ ಹೊರತು ಹೆಣೆದುಕೊಳ್ಳುವುದಿಲ್ಲ. ಹೀಗೆ ಹಾಕಿದ ರಸ್ತೆಯ 249 ಸಂದುಗಳಲ್ಲಿ ಒಂದರಲ್ಲೂ ಜಲ್ಲಿಯ ಹಿಡಿತವಿಲ್ಲ. ಡೋವೆಲ್ ಬೇಡವೆಂಬ ಮಾತು ಅಲ್ಲಿಗೆ ಅನ್ವಯಿಸುವುದೇ ಇಲ್ಲ.

ಉದ್ದಕ್ಕೆ ಹಾಕಿಕೊಂಡು ಹೋದರೂ ದಿನದ ಕೆಲಸ ನಿಲ್ಲಿಸುವಾಗ ಅಡ್ಡ ಹಲಗೆ ಕಟ್ಟಲೇಬೇಕು. ಅದೂ ನುಣುಪು ಮುಖ. ದಿನಕ್ಕೆ 80 ಮೀಟರ್ ಸಾಗಿದರೆ ಕಿಲೋಮೀಟರಿಗೆ ಇಂಥ ಹನ್ನೆರಡು ಸಂದು. ಈ ಹನ್ನೆರಡಕ್ಕೆ ಮಾತ್ರ ಡೋವೆಲ್ ಹಾಕಿದರೆ, ಅದೇ ಅಳತೆಯ ಕಂಬಿ ಎಂದಿಟ್ಟುಕೊಂಡು, 144 ತುಂಡು, 200 ಕೆ.ಜಿ. ಮೋರಿಯ ಆಚೀಚೆ ಚಪ್ಪಡಿ ಹಿಗ್ಗಲು ಜಾಗ ಬಿಡುವ ಸಂದುಗಳಿಗೂ ಡೋವೆಲ್ ಬೇಕು. ಅಲ್ಲಿ ಪೂರ್ತಿ ದಪ್ಪಕ್ಕೆ ಸುಮಾರು 20 ಮಿಲಿಮೀಟರ್ ಅಗಲದ ಮೆತ್ತನೆ ಹಲಗೆ ಇಟ್ಟು, ಕಂಬಿಯ ಜಾರುವ ತುದಿಗೆ ಒಳಗೆ ಸ್ಪಂಜು ಇಟ್ಟ ಟೋಪಿ ಹಾಕುತ್ತಾರೆ. ಎರಡು ಮೋರಿ ಇದ್ದರೆ ಇನ್ನೊಂದು 67 ಕೆ.ಜಿ. ಎಲ್ಲ ಸೇರಿ ಕಾಲು ಟನ್ನಿಗೆ ಸ್ವಲ್ಪ ಹೆಚ್ಚು.

ಹಾಗಾದರೆ ಒಂದೇ ಕಿಲೋಮೀಟರಿಗೆ ನಾಲ್ಕು ಟನ್ನೂ ಸರಿ, ಕಾಲು ಟನ್ನೂ ಸರಿ. ಯಾವುದು ಎಂಬುದನ್ನು ತೀರ್ಮಾನಿಸುವುದು ಎರಡು ಪ್ರಶ್ನೆ: ಯಾವ ವಾಹನ ಬರುತ್ತದೆ, ಸಂದನ್ನು ಹೇಗೆ ಮಾಡುತ್ತಾರೆ. ದಾರಿಯ ಕೊನೆಯಲ್ಲಿ ಕಲ್ಲು ಕ್ವಾರಿ ಇದ್ದರೆ, ಕಬ್ಬಿನ ಲಾರಿ ಕಾರ್ಖಾನೆಗೆ ಇದೇ ದಾರಿಯಲ್ಲಿ ಹೋಗುವುದಿದ್ದರೆ, 200 ಮಿಲಿಮೀಟರ್ ಹಾಕಿ ಎಲ್ಲ ಸಂದಿಗೂ ಡೋವೆಲ್ ಇಡುವುದು ದುಂದಲ್ಲ. ಹಾಲಿನ ಗಾಡಿ, ಶಾಲೆಯ ವ್ಯಾನು, ಸುಗ್ಗಿಯಲ್ಲಿ ನಾಲ್ಕು ಟ್ರ್ಯಾಕ್ಟರ್ ಅಷ್ಟೇ ಆದರೆ ಆ ಮೂರು ಲಕ್ಷವನ್ನು ಪಕ್ಕದ ಚರಂಡಿಗೂ ಅಂಚಿನ ಮಣ್ಣು ಗಟ್ಟಿ ಮಾಡುವುದಕ್ಕೂ ಹಾಕುವುದು ಮೇಲು. ನೀರು ನಿಂತ ರಸ್ತೆಯನ್ನು ಡೋವೆಲ್ ಕಾಪಾಡಲಾರದು.

ಹಾಕುವ ದಿನ ನೋಡಬೇಕಾದ್ದು

ಕಾಂಕ್ರೀಟು ಬಿದ್ದ ಮೇಲೆ ಡೋವೆಲ್ ಬಗ್ಗೆ ಯಾರು ಏನು ಹೇಳಿದರೂ ನಂಬಬೇಕಷ್ಟೆ. ನೋಡುವುದಿದ್ದರೆ ಹಿಂದಿನ ಸಂಜೆ ನೋಡಬೇಕು. ಕಂಬಿಯ ರಾಶಿಯಿಂದ ಕೈಗೆ ಸಿಕ್ಕ ಹತ್ತು ತುಂಡು ತೆಗೆದು ಡೈರಿಯ ತಕ್ಕಡಿಗೋ ಪಡಿತರ ಅಂಗಡಿಯ ತಕ್ಕಡಿಗೋ ಇಡಿ. 25 ಮಿಲಿಮೀಟರ್ ಕಂಬಿಯಾದರೆ ಹದಿನಾಲ್ಕು ಕೆ.ಜಿ.ಗೆ ನೂರು ಗ್ರಾಂ ಕಡಿಮೆ ಇರಬೇಕು. ಒಂಬತ್ತು ಕೆ.ಜಿ.ಯ ಹತ್ತಿರ ನಿಂತರೆ ಅದು 20 ಮಿಲಿಮೀಟರ್ ಕಂಬಿ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖೋತಾ. ಕಿಲೋಮೀಟರಿಗೆ ಒಂದೂವರೆ ಟನ್. ಮೈಮೇಲೆ ಗೆರೆ ಇದ್ದರೆ ತೂಗುವ ಶ್ರಮವೂ ಬೇಡ, ಅದು ಡೋವೆಲ್‌ಗೆ ಆಗುವ ಕಂಬಿಯೇ ಅಲ್ಲ. ಮಿಕ್ಕುಳಿದ ಟಾರ್ ಕಂಬಿಯನ್ನು ಕತ್ತರಿಸಿ ಹಾಕುವುದು ಕೆಲವರಿಗೆ ಉಳಿತಾಯದಂತೆ ಕಾಣುತ್ತದೆ. ಪರಿಣಾಮ ಬೀಗ ಹಾಕಿದ ಸಂದು.

ಕುರ್ಚಿಯ ಮೇಲೆ ಸಾಲಾಗಿ ಮಲಗಿದ ಹನ್ನೆರಡು ಕಂಬಿಗಳ ನಡುಭಾಗ ಎಲ್ಲಿ ಬರುತ್ತದೋ ಅದರ ನೇರಕ್ಕೆ ಎರಡೂ ಬದಿಯ ಚಾನಲ್ ಮೇಲೆ ಪೇಂಟಿನಿಂದ ಗುರುತು ಇರಬೇಕು. ಮರುದಿನ ಕಟರ್ ಹಿಡಿದವನಿಗೆ ಕಾಣುವುದು ಆ ಗುರುತು ಮಾತ್ರ. ಕಂಬಿಯ ಅರ್ಧ ಉದ್ದ 18 ಸೆಂಟಿಮೀಟರ್. ಗೀರು ಒಂದು ಗೇಣು ಆಚೆ ಬಿದ್ದರೆ ಕಂಬಿ ಸಂದನ್ನು ದಾಟುವುದೇ ಇಲ್ಲ. ಎಸ್ಟಿಮೇಟ್ ಸರಿ, ತೂಕ ಸರಿ, ಬಿಲ್ಲೂ ಸರಿ, ಆದರೂ ಆ ಸಂದಿನಲ್ಲಿ ಡೋವೆಲ್ ಇದ್ದೂ ಇಲ್ಲ. ಕಂಪಿಸುವ ಸಲಾಕೆಯನ್ನು ಕಂಬಿಗೆ ತಾಗಿಸುವುದು, ಕಾಂಕ್ರೀಟನ್ನು ಎತ್ತರದಿಂದ ಕುರ್ಚಿಯ ಮೇಲೆಯೇ ಸುರಿಯುವುದು, ಎರಡೂ ಕಂಬಿಗಳನ್ನು ಓರೆ ಮಾಡುತ್ತವೆ.

ಕೊಯ್ಯುವ ಹೊತ್ತು ಇನ್ನೂ ಸೂಕ್ಷ್ಮ. ಬೇಗ ಕೊಯ್ದರೆ ಅಂಚಿನ ಜಲ್ಲಿ ಕಿತ್ತು ಬರುತ್ತದೆ, ತಡವಾದರೆ ಬಿರುಕು ನಮಗಾಗಿ ಕಾಯುವುದಿಲ್ಲ. ಹಾಕಿದ ಆರರಿಂದ ಹದಿನೆಂಟು ಗಂಟೆಯೊಳಗೆ, ಬೇಸಿಗೆಯಲ್ಲಿ ಇನ್ನೂ ಮುಂಚೆಯ ಕಡೆಗೆ. ಹಗಲು ಬಿಸಿಲಿನಲ್ಲಿ ಹಾಕಿದ್ದು ರಾತ್ರಿ ತಣ್ಣಗಾಗುವಾಗಲೇ ಮೊದಲ ಎಳೆತ ಬರುವುದರಿಂದ ಕೊಯ್ಯುವ ಕೆಲಸ ಹೆಚ್ಚಾಗಿ ರಾತ್ರಿಯದು. ಮಧ್ಯಾಹ್ನ ಎರಡಕ್ಕೆ ಹಾಕಿದ ಕಾಂಕ್ರೀಟಿಗೆ ಮರುದಿನ ಸಂಜೆ ಕಟರ್ ಬಂದರೆ ಬಹುಶಃ ಬಿರುಕು ಆಗಲೇ ತನ್ನ ಜಾಗ ಆರಿಸಿಕೊಂಡಿರುತ್ತದೆ. ಆಮೇಲೆ ಕೊಯ್ದ ಗೆರೆ ಲೆಕ್ಕಕ್ಕೆ ಒಂದು ಸಂದು ಅಷ್ಟೇ.

ಕ್ಯೂರಿಂಗ್ ಬಗ್ಗೆ ಊರಿನವರಿಗೆ ಹೇಳಿಕೊಡಬೇಕಾದ್ದಿಲ್ಲ. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು, ಒದ್ದೆ ಗೋಣಿತಟ್ಟು ಹಾಸುವುದು ಎಲ್ಲರೂ ನೋಡಿದ್ದೇ. ಹದಿನಾಲ್ಕು ದಿನ ಅದು ಆರಬಾರದು.

ಬಿರುಕು ಹೇಳುವ ಕಥೆ

ಒಳಗೆ ಏನಾಗಿದೆ ಎಂಬುದನ್ನು ರಸ್ತೆ ವರ್ಷದೊಳಗೆ ಮೇಲೆ ಬರೆದು ತೋರಿಸುತ್ತದೆ. ಸಂದಿಗೆ ಸಮಾನಾಂತರವಾಗಿ, ಅದರಿಂದ ಒಂದು ಗೇಣಿನಷ್ಟು ಆಚೆ ಅಡ್ಡ ಬಿರುಕು ಇದ್ದರೆ ಕಂಬಿಗಳು ಓರೆಯಾಗಿ ಸಂದು ಬೀಗ ಹಾಕಿಕೊಂಡಿದೆ ಎಂದು ಮೊದಲು ಅನುಮಾನಿಸಬೇಕು. ಕಂಬಿಯ ತುದಿಗಳು ಮುಗಿಯುವ ಜಾಗ ಅದು. ಚಪ್ಪಡಿಯ ನಡುವಿನಲ್ಲೇ ಅಡ್ಡ ಬಿರುಕು, ಪಕ್ಕದ ಗೀರು ಮಾತ್ರ ಬಾಯಿ ತೆರೆದೇ ಇಲ್ಲ ಎಂದರೆ ಕಟರ್ ತಡವಾಗಿ ಬಂದಿದೆ ಅಥವಾ ಸಾಕಷ್ಟು ಆಳ ಕೊಯ್ದಿಲ್ಲ. ಮಳೆ ನಿಂತ ಮಾರನೇ ದಿನ ಸಂದಿನ ಬಾಯಲ್ಲಿ ಕೆಂಪು ರಾಡಿಯ ಕಲೆ, ವಾಹನ ಹೋಗುವ ದಿಕ್ಕಿನಲ್ಲಿ ಮುಂದಿನ ಚಪ್ಪಡಿ ಬೆರಳಿಗೆ ಸಿಗುವಷ್ಟು ತಗ್ಗು, ಇವೆರಡೂ ಒಟ್ಟಿಗೆ ಕಂಡರೆ ಭಾರ ದಾಟುತ್ತಿಲ್ಲ, ಅಡಿಯ ಮಣ್ಣು ಹೋಗುತ್ತಿದೆ. ಆಗ ಮೊದಲು ಮಾಡಬೇಕಾದ್ದು ಸಂದಿನ ಬಾಯಿ ಮುಚ್ಚಿ ನೀರಿಗೆ ಬೇರೆ ದಾರಿ ಮಾಡುವುದು. ಮೇಲೆ ಸಿಮೆಂಟು ಸವರುವುದರಿಂದ ಏನೂ ಆಗದು.

ಎಲ್ಲ ಸರಿಯಿದ್ದ ರಸ್ತೆಗೂ ಈಚೆಗೆ ಒಂದು ಕಾಟವಿದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನ ನಲ್ಲಿ ಪೈಪಿಗೆಂದು ಹಳ್ಳಿಹಳ್ಳಿಯ ಸಿಸಿ ರಸ್ತೆಗಳನ್ನು ಅಗೆದಿದ್ದಾರೆ. ಮನೆಗೆ ನೀರು ಬರುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಚಪ್ಪಡಿಯ ನಡುವೆ ಒಂದು ಅಡಿ ಅಗಲಕ್ಕೆ ಒಡೆದು, ಪೈಪು ಇಳಿಸಿ, ಮಣ್ಣು ಎಳೆದು, ಮೇಲೆ ತೆಳುವಾಗಿ ಕಾಂಕ್ರೀಟು ತುಂಬಿದರೆ ಎಸ್ಟಿಮೇಟಿನಲ್ಲಿಲ್ಲದ ಎರಡು ಹೊಸ ಸಂದು ಹುಟ್ಟುತ್ತವೆ, ಡೋವೆಲ್ಲೂ ಇಲ್ಲ, ಜಲ್ಲಿಯ ಹಿಡಿತವೂ ಇಲ್ಲ. ಸರಿಯಾದ ಕ್ರಮ ಎಂದರೆ ಗರಗಸದಿಂದ ನೇರವಾಗಿ ಪೂರ್ತಿ ದಪ್ಪಕ್ಕೆ ಕೊಯ್ದು, ಆದಷ್ಟೂ ಒಂದು ಬದಿ ಹಳೆಯ ಸಂದಿಗೇ ಸೇರುವಂತೆ ತುಂಡು ತೆಗೆಯುವುದು. ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡುವುದು. ಹಳೆಯ ಚಪ್ಪಡಿಯ ಮುಖಕ್ಕೆ ಡ್ರಿಲ್ ಹಾಕಿ, ರಂಧ್ರಕ್ಕೆ ಎಪಾಕ್ಸಿ ತುಂಬಿ, ನುಣುಪು ಕಂಬಿಯ ಅರ್ಧವನ್ನು ಅದರೊಳಗೆ ಕೂರಿಸಿ, ಹೊರಗೆ ಉಳಿದರ್ಧಕ್ಕೆ ಎಣ್ಣೆ ಸವರಿ ಹೊಸ ಕಾಂಕ್ರೀಟು ಹಾಕುವುದು. ರಸ್ತೆಯನ್ನು ಅಡ್ಡಡ್ಡ ದಾಟುವ ಒಂದು ಪೈಪಿಗೆ ಎರಡೂ ಬದಿ ಸೇರಿ 24 ಕಂಬಿ, 33 ಕೆ.ಜಿ. ಚಿಲ್ಲರೆ. ಅದರ ಬದಲು ರಸ್ತೆ ಹಾಕುವ ಮುನ್ನವೇ ಐವತ್ತು ಮೀಟರಿಗೆ ಒಂದರಂತೆ ಅಡಿಯಲ್ಲಿ ಖಾಲಿ ಕೊಳವೆ ಹುದುಗಿಸಿಟ್ಟರೆ ಕಿಲೋಮೀಟರಿಗೆ ಇಪ್ಪತ್ತು ಕೊಳವೆ ಸಾಕು.